ಎಂಬುವವರು

ಲೆಟರ್‌ಹೆಡ್ ಹಾಳೆಗೆ ಒಂದು ರೂಪಾಯಿ ಎಂಬತ್ತು ಪೈಸೆ. ಲಕೋಟೆಗೆ ಒಂದು ರೂಪಾಯಿ. ರಿಜಿಸ್ಟರ್ ಮಾಡಿ, ಮುಟ್ಟಿದ ರಸೀದಿ ತಿರುಗಿ ಬರುವಂತೆ ಕಳಿಸಿದರೆ ಇಪ್ಪತ್ತೈದು. ಪ್ರಿಂಟರಿನ ಶಾಯಿ, ಗೋಂದು ಎಲ್ಲ ಹಿಡಿದರೂ ಒಂದು ಪತ್ರ ಮೂವತ್ತು ರೂಪಾಯಿಯೊಳಗೆ ಮುಗಿಯುತ್ತದೆ. ‘ನೀನು’ ಅಂತ ಬರೆದರೂ ಅಷ್ಟೇ, ‘ನೀವು’ ಅಂತ ಬರೆದರೂ ಅಷ್ಟೇ, ‘ತಾವು’ ಅಂತ ಬರೆದರೂ ಅಷ್ಟೇ. ಅಂಚೆ ಆಫೀಸಿನವರು ತೂಕ ನೋಡುತ್ತಾರೆ, ಒಳಗಿನ ಮಾತು ನೋಡುವುದಿಲ್ಲ. ಅದರ ಖರ್ಚು ಬೇರೆ ಕಡೆ ಬೀಳುತ್ತದೆ.

ಬ್ಯಾಡಗಿಯಲ್ಲಿ ಚನವೀರಪ್ಪ ಸಾವಕಾರರ ಕೋಲ್ಡ್ ಸ್ಟೋರೇಜಿನಲ್ಲಿ ನಾನು ಪತ್ರ ಬರೆಯುವ ಕೆಲಸಕ್ಕೆ ಸೇರಿ ಇಪ್ಪತ್ತಾರು ವರ್ಷವಾಯಿತು. ಮೊದಲು ಟೈಪ್‌ರೈಟರ್, ಈಗ ಕಂಪ್ಯೂಟರ್. ಮೆಣಸಿನಕಾಯಿ ಇಟ್ಟ ರೈತರಿಗೆ, ವ್ಯಾಪಾರಸ್ಥರಿಗೆ, ಸರ್ಕಾರಿ ಆಫೀಸುಗಳಿಗೆ, ನಮ್ಮದೇ ಕೆಲಸದವರಿಗೆ, ಎಲ್ಲ ಪತ್ರವೂ ನನ್ನ ಕೈಯಿಂದಲೇ ಹೋಗಬೇಕು. ಕೆಲಸ ಕಲಿಸಿದವರು ಹಳೆಯ ಹೆಡ್ ಕ್ಲಾರ್ಕ್ ರಾಘಪ್ಪನವರು. ಮೊದಲನೆಯ ದಿನವೇ ಹೇಳಿದ್ದರು: “ನೋಡವಾ, ಅಧಿಕಾರಿಗಳಿಗೆ ಕೋರಬೇಕು. ಗಿರಾಕಿಗೆ ವಿನಂತಿಸಬೇಕು. ಕೈಕೆಳಗಿನವರಿಗೆ ತಿಳಿಸಬೇಕು. ಬೈಯೂದಿದ್ರ ಬಾಯಿಲೆ ಬೈ. ಕಾಗದದ ಮ್ಯಾಲ ಯಾರಿಗೂ ಏಕವಚನ ಬ್ಯಾಡ.”

ಇದು ಬರೀ ಮರ್ಯಾದೆಯ ಮಾತಲ್ಲ. ಸಾವಕಾರರ ಮಗ ಶಶಿಧರ ಓದು ಮುಗಿಸಿ ಮ್ಯಾನೇಜರ್ ಆಗಿ ಕುಳಿತ ಹೊಸತರಲ್ಲಿ, ಟ್ರಾನ್ಸ್‌ಫಾರ್ಮರ್ ಬದಲಿಸುವ ಬಗ್ಗೆ ವಿದ್ಯುತ್ ಇಂಜಿನಿಯರರಿಗೆ ತಾನೇ ಒಂದು ಪತ್ರ ಬರೆದ. ‘ತಕ್ಷಣ ಕ್ರಮ ಕೈಗೊಳ್ಳಲು ತಮಗೆ ಸೂಚಿಸಲಾಗಿದೆ.’ ‘ತಮಗೆ’ ಅಂದಮೇಲೆ ಮರ್ಯಾದೆ ಕೊಟ್ಟಂತಾಯಿತು ಎಂದು ಅವನ ಲೆಕ್ಕ. ಆದರೆ ‘ಸೂಚಿಸಲಾಗಿದೆ’ ಎನ್ನುವುದು ಮೇಲಿನವರು ಕೆಳಗಿನವರಿಗೆ ಹೇಳುವ ಮಾತು. ಮೂರು ವಾರ ಆ ಪತ್ರ ಎಲ್ಲಿದೆ ಎಂದೇ ತಿಳಿಯಲಿಲ್ಲ. ನಾನು ‘ಕ್ರಮ ಕೈಗೊಳ್ಳಬೇಕೆಂದು ತಮ್ಮಲ್ಲಿ ಕೋರುತ್ತೇವೆ’ ಎಂದು ಇನ್ನೊಂದು ಬರೆದು ಕಳಿಸಿದೆ. ನಾಲ್ಕನೆಯ ದಿನ ಲೈನ್‌ಮ್ಯಾನ್ ಬಂದ.

ಇಷ್ಟೆಲ್ಲ ಬಹುವಚನದ ನಡುವೆ ನನಗೆ ‘ನೀ’ ಎನ್ನುವವಳು ಊರಲ್ಲಿ ಒಬ್ಬಳೇ ಇದ್ದಳು. ಹೊನ್ನವ್ವ ಬಾರ್ಕಿ. ಕೋಣೆಗಳ ಮುಂದಿನ ಪಡಸಾಲೆ ಕಸ ಹೊಡೆಯುವುದು, ಆಫೀಸಿಗೆ ಚಹಾ ತರುವುದು ಅವಳ ಕೆಲಸ. ನಾನು ಮದುವೆಯಾದವಳಲ್ಲ. ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ಮಾತು ನಿಂತುಹೋಗಿತ್ತು. ಆಫೀಸಿನಲ್ಲಿ ಎಲ್ಲರಿಗೂ ನಾನು ‘ಶಕುಂತಲಾ ಅಕ್ಕಾರ’. ಮಧ್ಯಾಹ್ನ ಎರಡು ಗಂಟೆಗೆ ರೆಕಾರ್ಡ್ ರೂಮಿನ ಬಾಗಿಲು ಹಾಕಿಕೊಂಡು ಇಬ್ಬರೂ ಬುತ್ತಿ ಬಿಚ್ಚಿದಾಗ ಮಾತ್ರ ನಾನು ‘ಶಕ್ಕೂ’.

“ಶಕ್ಕೂ, ನಿನ್ನ ಪಲ್ಯಾಕ ಉಪ್ಪ ಇಲ್ಲ ನೋಡು.”

“ಇರಲಿ ಬಿಡ, ಬಿಪಿ ಐತಿ.”

“ಬಿಪಿ ನಿನಗ ಐತಿ, ನನಗಿಲ್ಲಲಾ. ಇಕಾ, ಪುಂಡಿಪಲ್ಯ ತಗೋ. ಕಾಗದ ಬರದು ಬರದು ನಾಲಿಗಿ ಸತ್ತೈತಿ ನಿಂದು.”

ಹೀಗೆ ಹದಿನೆಂಟು ವರ್ಷ.

ಮೂರು ವರ್ಷದ ಹಿಂದೆ ಜೂನ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಮೂರನೆಯ ಕೋಣೆಯ ಬಾಗಿಲು ಒಂದು ಗೇಣು ತೆರೆದಿರುವುದು ಕಂಡಿತು. ಶನಿವಾರ ಸಂಜೆಯಿಂದ ಹಾಗೇ ಇದ್ದಿರಬೇಕು, ಭಾನುವಾರ ರಜೆ. ಒಳಗೆ ತಂಪು ಹೋಗಿ, ಹೊರಗಿನ ಬಿಸಿಗಾಳಿ ನುಗ್ಗಿ, ಬಾಗಿಲ ಕಡೆಯ ಚೀಲಗಳ ಮೇಲೆಲ್ಲ ನೀರು ಹನಿಗಟ್ಟಿತ್ತು. ಕುಂದಗೋಳದ ಅಂದಾನಪ್ಪ ಎನ್ನುವ ವ್ಯಾಪಾರಸ್ಥರ ನೂರಾ ನಲವತ್ತು ಚೀಲ. ಮೆಣಸಿನಕಾಯಿಗೆ ಬಣ್ಣವೇ ಬೆಲೆ. ಒಮ್ಮೆ ನೆನೆದು ಬಣ್ಣ ಕೆಟ್ಟರೆ ಅದು ಮತ್ತೆ ಬರುವುದಿಲ್ಲ.

ಕೋಣೆಗಳ ಕಡೆ ಹೋದ ಕೆಲಸದವರು ಗುರುತು ಹಾಕುವ ಬಾಗಿಲ ಪುಸ್ತಕದಲ್ಲಿ ಶನಿವಾರದ ಕೊನೆಯ ಗುರುತು ಐದು ಗಂಟೆಯದು. ಕಸ ಹೊಡೆಯಲು ಬಂದ ಹೊನ್ನವ್ವನ ಹೆಬ್ಬೆಟ್ಟು.

“ಕೋಣಿ ಬಾಗಿಲಾ ನಾ ಮುಟ್ಟೇ ಇಲ್ರಿ, ಪಡಸಾಲಿ ಅಷ್ಟ ಉಡಗಿ ಹೋಗೇನಿ” ಎಂದು ಹೊನ್ನವ್ವ ಹೇಳಿದಳು.

“ಪುಸ್ತಕ ಸುಳ್ಳ ಹೇಳತೈತೇನು? ನಡಿ ಮನಿಗೆ. ಕರೇಕಳಿಸೂತನಕ ಬರಬ್ಯಾಡ” ಎಂದ ಶಶಿಧರ.

ಅವಳು ಹೋಗುವಾಗ ನನ್ನ ಮೇಜಿನ ಕಡೆ ನೋಡಿದಳು. ಸೋಮವಾರ ಮಾರುಕಟ್ಟೆಯ ದಿನ. ನನ್ನ ಮುಂದೆ ಮೂವರು ಗಿರಾಕಿಗಳು ನಿಂತಿದ್ದರು. ಆಮೇಲೆ ಮಾತಾಡೋಣ ಎಂದು ಕೈಸನ್ನೆ ಮಾಡಿದೆ.

ಮರುದಿನ ಶಶಿಧರ ಎರಡು ಕರಡು ತಂದು ಮೇಜಿನ ಮೇಲಿಟ್ಟ. ಒಂದು ಅಂದಾನಪ್ಪನವರಿಗೆ: ‘ನಮ್ಮ ಕೆಲಸದವಳಾದ ಹೊನ್ನವ್ವ ಎಂಬುವಳು ಬಾಗಿಲು ತೆರೆದಿಟ್ಟು ಹೋಗಿದ್ದರಿಂದ ತಮ್ಮ ಮಾಲಿಗೆ ಹಾನಿಯಾಗಿದೆ. ಸದರಿಯವಳನ್ನು ಕೆಲಸದಿಂದ ತೆಗೆಯಲಾಗುತ್ತಿದೆ.’ ಇನ್ನೊಂದು ಹೊನ್ನವ್ವನಿಗೆ: ‘ನೀನು ಬಾಗಿಲು ತೆರೆದಿಟ್ಟು ಸಂಸ್ಥೆಗೆ ಭಾರಿ ನಷ್ಟ ಮಾಡಿದ್ದೀಯ. ನಿನ್ನನ್ನು ಕೆಲಸದಿಂದ ಏಕೆ ತೆಗೆಯಬಾರದು?’

‘ಎಂಬುವಳು.’ ಪೊಲೀಸ್ ಕಾಗದದಲ್ಲಿ ಕಳ್ಳಿಯನ್ನು ಹಾಗೆ ಬರೆಯುತ್ತಾರೆ. ಹದಿನೆಂಟು ವರ್ಷ ಚಹಾ ಕೊಟ್ಟವಳು ಎಂಬುವಳಾಗುವುದಕ್ಕೆ ಒಂದು ಬಾಗಿಲು ಸಾಕಾಯಿತು.

ನನಗೆ ಸಿಟ್ಟು ಬಂದಿತ್ತು. ಆದರೆ ಸಿಟ್ಟಿನಿಂದ ಶಶಿಧರನ ಹತ್ತಿರ ಕೆಲಸ ಆಗುವುದಿಲ್ಲ ಎಂದು ನನಗೆ ಗೊತ್ತು. ಅವನು ಹೆದರುವುದು ನಷ್ಟಕ್ಕೆ.

“ಸಣ್ಣ ಸಾವಕಾರ್ರ, ಇದು ಹಿಂಗ ಹೋದ್ರ ನಿಮಗ ತ್ರಾಸಾಗ್ತೈತ್ರಿ” ಎಂದೆ.

“ಯಾಕ? ಖರೇ ಐತಿ ಅದು.”

“ನಷ್ಟ ಮಾಡಿದ್ದೀಯ ಅಂತ ನೀವ ತೀರ್ಪ ಕೊಟ್ಟ ಮ್ಯಾಲ ಕಾರಣ ಕೇಳೂದು ಯಾಕ? ನಾಳೆ ಆಕಿ ಲೇಬರ್ ಆಫೀಸಿಗೆ ಹೋದ್ಲಂದ್ರ ಈ ಕಾಗದಾನ ತೋರಸ್ತಾಳ. ವಿಚಾರಣಿ ಮಾಡೂಕಿಂತ ಮದಲ ತಪ್ಪ ಹೊರಿಸ್ಯಾರ ಅಂತಾರ ಅವರು. ನೀನು ಅಂತ ಬ್ಯಾರೆ ಬರದೀರಿ. ಕೆಲಸದವರನ್ನ ಹೆಂಗ ನಡಿಸಿಕೊಳ್ತಾರ ಅನ್ನಾಕ ಅದೊಂದು ಸಾಕ್ಷಿ.”

ಅವನು ಸ್ವಲ್ಪ ಹೊತ್ತು ಪೆನ್ನು ತಿರುಗಿಸಿದ. “ಹಂಗಾರ ನಿಮ್ಮ ಗೆಳತಿಗೆ ಸನ್ಮಾನ್ಯ ಅಂತ ಹಾಕಿಬಿಡ್ರಿ. ಒಂದು ಶಾಲನೂ ಹೊದಸೂಣು.”

“ಸನ್ಮಾನ್ಯ ಬ್ಯಾಡ್ರಿ, ಶ್ರೀಮತಿ ಸಾಕು. ಗಿರಾಕಿ ಪತ್ರದಾಗ ಹೆಸರು ಬ್ಯಾಡ. ಮಾಲು ಹಾಳಾದಾವರು ನಮ್ಮ ಆಳಿನ ಹೆಸರು ತಗೊಂಡು ಏನ್ಮಾಡ್ತಾರ? ನಮ್ಮ ಮನಿ ಜಗಳ ಅವರಿಗ್ಯಾಕ?”

ಅವನು ಒಪ್ಪಿದ. ನಾನು ಅಂದಾನಪ್ಪನವರಿಗೆ ‘ನಮ್ಮ ಕಡೆಯಿಂದ ಆದ ಲೋಪದಿಂದ ತಮ್ಮ ಮಾಲಿಗೆ ಹಾನಿಯಾಗಿರುವುದಕ್ಕೆ ಅತ್ಯಂತ ವಿಷಾದಿಸುತ್ತೇವೆ. ತಾವು ದಯಮಾಡಿ ಒಮ್ಮೆ ಬಂದು ಮಾಲನ್ನು ಪರಿಶೀಲಿಸಬೇಕೆಂದು ವಿನಂತಿ’ ಎಂದು ಬರೆದೆ. ಹೊನ್ನವ್ವನ ನೋಟಿಸನ್ನು ಪೂರ್ತಿ ಬದಲಿಸಿ ಬರೆದೆ. ‘ಶ್ರೀಮತಿ ಹೊನ್ನವ್ವ ಬಸಪ್ಪ ಬಾರ್ಕಿ ಇವರಿಗೆ. ಮೂರನೆಯ ಕೋಣೆಯ ಬಾಗಿಲು ಸೋಮವಾರ ಬೆಳಿಗ್ಗೆ ತೆರೆದಿರುವುದು ಕಂಡುಬಂದಿರುತ್ತದೆ. ಈ ಬಗ್ಗೆ ನಿಮಗೆ ತಿಳಿದಿರುವ ವಿಷಯವನ್ನು ಏಳು ದಿನಗಳ ಒಳಗಾಗಿ ಲಿಖಿತವಾಗಿ ನೀಡಲು ಈ ಮೂಲಕ ನಿಮಗೆ ತಿಳಿಸಲಾಗಿದೆ.’

ಬಾಗಿಲು ತೆರೆದಿತ್ತು. ಯಾರು ತೆರೆದರು ಎಂದು ಆ ಕಾಗದ ಎಲ್ಲಿಯೂ ಹೇಳುವುದಿಲ್ಲ. ಕನ್ನಡದಲ್ಲಿ ‘ಕಂಡುಬಂದಿರುತ್ತದೆ’ ಎಂಬ ಮಾತಿಗೆ ಇರುವ ದೊಡ್ಡ ಗುಣ ಅದೇ, ಕಂಡವರೂ ಇಲ್ಲ, ಮಾಡಿದವರೂ ಇಲ್ಲ. ಶಶಿಧರ ಸಹಿ ಹಾಕಿದ. ನನ್ನ ಕೆಲಸ ನನಗೇ ಹಿಡಿಸಿತು. ಇದಕ್ಕಿಂತ ಚೆನ್ನಾಗಿ ಅವಳನ್ನು ಕಾಯಲು ನನ್ನ ಕೈಯಲ್ಲಿ ಆಗುತ್ತಿರಲಿಲ್ಲ ಎಂದುಕೊಂಡು ಅಂಚೆ ಆಫೀಸಿಗೆ ಹೋಗಿ ನಾನೇ ರಿಜಿಸ್ಟರ್ ಮಾಡಿಸಿ ಬಂದೆ.

ಅಂಚೆ ಆಫೀಸಿನಿಂದ ಹೊನ್ನವ್ವನ ಓಣಿ ಹತ್ತು ನಿಮಿಷದ ದಾರಿ. ಹೋಗಬಹುದಿತ್ತು. ಇಂಥದೊಂದು ಕಾಗದ ಬರುತ್ತದೆ, ಹೆದರಬೇಡ ಎಂದು ಹೇಳಬಹುದಿತ್ತು. ಕಾಗದವೇ ಹೇಳುತ್ತದಲ್ಲ ಎಂದು ತಿರುಗಿ ಬಂದೆ. ಇಷ್ಟು ವರ್ಷ ಕಾಗದವನ್ನು ನಂಬಿದ ಚಟ.

ಗುರುವಾರ ಸಂಜೆ ಅವಳ ಮನೆಗೆ ಹೋದೆ. ಹೊನ್ನವ್ವ ಕಟ್ಟೆಯ ಮೇಲೆ ಕುಳಿತು ಹುರುಳಿ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ಅವಳು ನನಗಾಗಿ ಎದ್ದು ನಿಂತದ್ದು ಅದೇ ಮೊದಲು.

“ಬರ್ರಿ ಅಕ್ಕಾರ. ಕುಂಡ್ರಿ.”

ನಗೆಚಾಟಿಕೆ ಎಂದುಕೊಂಡೆ. “ಸಾಕು ಬಿಡ ನಿನ್ನ ನಾಟಕ. ಕಾಗದ ಮುಟ್ಟೇತೇನು?”

“ಮುಟ್ಟೇತ್ರಿ. ಪೋಸ್ಟಿನವ ಓಣ್ಯಾಗ ನಿಂತು ಓದಿದ. ಎಲ್ಲಾರೂ ಕೇಳಿದ್ರು.”

“ಅದಕ್ಯಾಕ ಹೆದರ್ತಿ? ಅದರಾಗ ನಿನ್ನ ತಪ್ಪು ಅಂತ ಎಲ್ಲೂ ಬರದಿಲ್ಲ. ಶ್ರೀಮತಿ ಅಂತ ಬರದೇನಿ, ನೀವು ಅಂತ ಬರದೇನಿ.”

ಅವಳು ಮೊರವನ್ನು ಕೆಳಗಿಟ್ಟಳು. “ಅದ ಮತ್ತ. ಆ ಆಫೀಸಿನ್ಯಾಗ ನನಗ ನೀವು ಅನ್ನಾವರು ಯಾರದಾರ? ಸಾವಕಾರ ಅಂತಾನೇನು? ಅವನ ಮಗ ಅಂತಾನೇನು? ಹಮಾಲ್ರು ಅಂತಾರೇನು? ಪೋಸ್ಟಿನವ ‘ನಿಮಗೆ ತಿಳಿಸಲಾಗಿದೆ’ ಅಂತ ಓದಿದ ಕೂಡಲೆ ನನಗ ತಿಳೀತು, ಇದು ಶಕ್ಕೂನ ಕೈ ಅಂತ.”

“ಹೌದು, ನಂದ ಕೈ. ಸಣ್ಣ ಸಾವಕಾರ ನೀನು ಅಂತ ಬರದಿದ್ದ, ನಾ ತಿದ್ದಿದೆ.”

“ಯಾಕ ತಿದ್ದಿದ್ರಿ? ಅವ ನೀನು ಅಂತ ಬೈದಿದ್ರ, ಅವ ಬೈದ ಅಂತ ತಿಳಕೊಂಡು ನಿನ್ನ ಹಂತ್ಯಾಕ ಬಂದು ಅಳತಿದ್ದೆ. ನೀನ ನೀವು ಅಂತ ಬರದ ಮ್ಯಾಲ ಯಾರ ಹಂತ್ಯಾಕ ಹೋಗ್ಲಿ?”

ಇಷ್ಟು ಹೇಳುವಾಗ ಎರಡು ಸಲ ‘ನೀ’ ಬಂದಿತ್ತು. ಅದನ್ನು ಅವಳೂ ಗಮನಿಸಿದಳು ಎಂದು ಕಾಣುತ್ತದೆ. ಸೆರಗು ಸರಿಮಾಡಿಕೊಂಡಳು. ಒಳಗಿನಿಂದ ಸೊಸೆ ಚಹಾ ತಂದಿಟ್ಟಳು. ಬಸಿಯಲ್ಲಿ ಬಿಸ್ಕೀಟು ಬೇರೆ ಇತ್ತು, ಬೀಗರಿಗೆ ಇಡುವಂತೆ.

ಕಾಯಿದೆ, ಲೇಬರ್ ಆಫೀಸು, ಕಂಡುಬಂದಿರುತ್ತದೆ, ಎಲ್ಲ ಬಿಡಿಸಿ ಹೇಳಿದೆ. ಅವಳು ಗೋಣು ಹಾಕುತ್ತ ಕೇಳಿದಳು.

“ತಿಳೀತ್ರಿ. ನನ್ನ ಒಳ್ಳೇದಕ್ಕ ಬರದೀರಿ.”

“ಹಂಗಾರ ಉತ್ತರ ನಾನ ಬರದಕೊಡ್ತೇನಿ. ಹೆಬ್ಬಟ್ಟ ಒತ್ತಿದ್ರ ಸಾಕು.”

“ಬ್ಯಾಡ್ರಿ. ಕೇಳಾವ್ರೂ ನೀವ, ಹೇಳಾವ್ರೂ ನೀವ ಆದ್ರ ಹೆಂಗ? ನಮ್ಮ ಸೊಸಿ ಪಿಯುಸಿ ಕಲ್ತಾಳ, ಬರೀತಾಳ.”

ಚಹಾ ಕುಡಿದು ಎದ್ದೆ. ಓಣಿಯ ತಿರುವಿನ ತನಕ ಬಂದು, ಕೈ ಮುಗಿದು ಕಳಿಸಿದಳು.

ಶನಿವಾರ ಎರಡು ಪತ್ರ ಬಂದವು. ಒಂದು ಗದಗಿನಿಂದ, ಮಸಾಲೆಪುಡಿ ಮಾಡುವ ಹುಯಿಲಗೋಳ ಎನ್ನುವವರದು. ಹಳೆಯ ಕಾಲದ ಮನುಷ್ಯ. ಮಾಲು ನೋಡಿ ಹೋದರೂ ಪತ್ರ ಬರೆಯುತ್ತಾರೆ, ಕೊಂಡರೂ ಬರೆಯುತ್ತಾರೆ. ‘ಕಳೆದ ಶನಿವಾರ ಸಂಜೆ ವೇಳೆ ಮೀರಿದ್ದರೂ ತಮ್ಮ ಚಿರಂಜೀವಿ ಶಶಿಧರ ಅವರು ಬೇಸರಿಸದೆ ತಾವೇ ಖುದ್ದಾಗಿ ಮೂರನೆಯ ಕೋಣೆಯ ಬಾಗಿಲು ತೆರೆದು ಮಾಲು ತೋರಿಸಿದ್ದಕ್ಕೆ ಅತ್ಯಂತ ಆಭಾರಿಯಾಗಿದ್ದೇವೆ.’

ಆ ಸಾಲನ್ನು ಎರಡು ಸಲ ಓದಿದೆ. ಐದು ಗಂಟೆಯ ನಂತರ ಪುಸ್ತಕದಲ್ಲಿ ಗುರುತು ಇರಲಿಲ್ಲ. ಯಜಮಾನರ ಮಗ ಪುಸ್ತಕದಲ್ಲಿ ಗುರುತು ಹಾಕುವ ರೂಢಿಯೂ ನಮ್ಮಲ್ಲಿ ಇರಲಿಲ್ಲ.

ಇನ್ನೊಂದು ಪತ್ರ ಗೆರೆ ಹಾಳೆಯ ಮೇಲೆ, ಹೊನ್ನವ್ವನದು. ಸೊಸೆ ಶಾಲೆಯಲ್ಲಿ ತಂದೆಗೆ ಪತ್ರ ಬರೆಯುವುದನ್ನು ಕಲಿತಿದ್ದಳು, ಆ ಮಾದರಿಯಲ್ಲೇ ಬರೆದಿದ್ದಳು.

‘ತೀರ್ಥರೂಪ ಸಮಾನರಾದ ಚನವೀರಪ್ಪ ಸಾವಕಾರರಿಗೆ ಹೊನ್ನವ್ವಳು ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ನಾವೆಲ್ಲರೂ ಕ್ಷೇಮ. ನಿಮ್ಮ ಕ್ಷೇಮಕ್ಕೆ ಪತ್ರ ಬರೆಯಿರಿ. ನಿಮ್ಮ ಆಫೀಸಿನ ಶಕುಂತಲಾ ಎಂಬುವವರು ಬರೆದ ನೋಟಿಸು ಮುಟ್ಟಿತು. ನಾನು ಬಾಗಿಲು ತೆರೆದಿಲ್ಲ. ಪಡಸಾಲೆ ಉಡುಗಿ ಐದು ಗಂಟೆಗೆ ಹೋದೆನು. ನಿಮ್ಮ ಅನ್ನ ಉಂಡವಳು ಸುಳ್ಳು ಹೇಳುವುದಿಲ್ಲ. ಹಿರಿಯರಿಗೆ ನಮಸ್ಕಾರ, ಕಿರಿಯರಿಗೆ ಆಶೀರ್ವಾದ.’

ಶಶಿಧರ ನನ್ನ ಹೆಗಲ ಮೇಲಿನಿಂದ ಓದಿ ನಕ್ಕ. “ನಿಮ್ಮ ಕ್ಷೇಮಕ್ಕ ಪತ್ರ ಬರೀಬೇಕಂತ, ಬರೀರಿ ಅಕ್ಕಾರ.”

ನಾನು ನಗಲಿಲ್ಲ. ನನ್ನ ಕಣ್ಣು ಒಂದೇ ಮಾತಿನ ಮೇಲೆ ನಿಂತಿತ್ತು. ಶಕುಂತಲಾ ಎಂಬುವವರು. ಎಂಬುವಳು ಅಲ್ಲ, ಮರ್ಯಾದೆಗೆ ಏನೂ ಕಡಿಮೆ ಇರಲಿಲ್ಲ. ಕಂಡು ಕೇಳದವರ ಹೆಸರಿನ ಮುಂದೆ ಹಾಕುವ ಮಾತು ಅದು. ಸೊಸೆಗೆ ಬೇರೆ ಮಾತು ಗೊತ್ತಿರಲಿಲ್ಲವೋ, ಹೊನ್ನವ್ವನೇ ಹಾಗೆ ಹೇಳಿ ಬರೆಸಿದಳೋ, ಇಂದಿಗೂ ನಾನು ಕೇಳಿಲ್ಲ.

ಗದಗಿನ ಪತ್ರ ಹಿಡಿದು ಶಶಿಧರನ ಮುಂದೆ ನಿಂತು ಜಗಳ ಮಾಡಬಹುದಿತ್ತು. ಮಾಡಿದ್ದರೆ ಪತ್ರ ಕಾಣೆಯಾಗುತ್ತಿತ್ತು, ಹೊನ್ನವ್ವನ ಜೊತೆ ನಾನೂ ಮನೆಯಲ್ಲಿರುತ್ತಿದ್ದೆ. ಸಾವಕಾರರು ವಾರಕ್ಕೊಮ್ಮೆ ಶುಕ್ರವಾರ ಆಫೀಸಿಗೆ ಬಂದು ಎಲ್ಲ ಫೈಲಿಗೆ ಸಹಿ ಹಾಕುತ್ತಾರೆ. ಕನ್ನಡಕ ಹಾಕಿಕೊಂಡು ಪ್ರತಿ ಸಾಲು ಓದುವ ಮನುಷ್ಯ. ನಾನು ಹೊನ್ನವ್ವನ ಫೈಲಿಗೆ ಒಂದು ಟಿಪ್ಪಣಿ ಬರೆದೆ.

‘ವಿಷಯ: ಮೂರನೆಯ ಕೋಣೆಯ ಬಾಗಿಲಿನ ಬಗ್ಗೆ. ಉಲ್ಲೇಖ: ಒಂದು, ಸಂಸ್ಥೆಯ ನೋಟಿಸು. ಎರಡು, ಶ್ರೀಮತಿ ಹೊನ್ನವ್ವ ಬಾರ್ಕಿ ಅವರ ಉತ್ತರ. ಮೂರು, ಗದಗಿನ ಶ್ರೀ ಹುಯಿಲಗೋಳ ಅವರ ಪತ್ರ. ಮೇಲಿನ ಪತ್ರಗಳನ್ನು ತಮ್ಮ ಅವಗಾಹನೆಗಾಗಿ ಲಗತ್ತಿಸಿದೆ. ಮುಂದಿನ ಆದೇಶಕ್ಕಾಗಿ ಸಾದರಪಡಿಸಿದೆ.’

ಒಬ್ಬರ ಮೇಲೂ ಒಂದು ಮಾತು ಇಲ್ಲ. ಮೂರು ಪತ್ರ, ಒಂದರ ಕೆಳಗೊಂದು.

ಶುಕ್ರವಾರ ಸಾವಕಾರರು ಓದಿದರು. ಮೂರನೆಯ ಪತ್ರವನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ಓದಿದರು. ಕನ್ನಡಕ ತೆಗೆದು ನನ್ನನ್ನು ನೋಡಿದರು.

“ಶಕುಂತಲಾ ಅಕ್ಕಾರ, ಈ ಗದಗಿನವರ ಕಾಗದ ಈ ಫೈಲಿನ್ಯಾಗ ಯಾಕ ಬಂತು?”

“ಅದರಾಗೂ ಬಾಗಲದ ಸುದ್ದಿ ಇತ್ತಲ್ರಿ, ಅದಕ್ಕ ಹಚ್ಚೀನ್ರಿ.”

“ಹೂಂ” ಎಂದರು. ಆಮೇಲೆ ಮಗನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಏನು ಮಾತಾಯಿತೋ ಹೊರಗೆ ಕೇಳಲಿಲ್ಲ. ಅರ್ಧ ಗಂಟೆಯ ಮೇಲೆ ಫೈಲು ಹೊರಗೆ ಬಂತು. ಕೆಳಗೆ ಅವರ ದೊಡ್ಡ ಅಕ್ಷರ: ‘ನೋಟಿಸು ಕೈಬಿಡಲಾಗಿದೆ. ಹೊನ್ನವ್ವ ಸೋಮವಾರದಿಂದ ಕೆಲಸಕ್ಕೆ ಬರತಕ್ಕದ್ದು. ಇನ್ನು ಮುಂದೆ ಬಾಗಿಲು ಯಾರು ತೆರೆದರೂ, ನಾನು ತೆರೆದರೂ, ಪುಸ್ತಕದಲ್ಲಿ ಗುರುತು ಹಾಕತಕ್ಕದ್ದು.’

ಈ ಸಲ ಪತ್ರ ಬರೆಯಲಿಲ್ಲ. ಅಂದೇ ಸಂಜೆ ನಡೆದು ಹೋಗಿ ಹೇಳಿ ಬಂದೆ.

“ಹೊನ್ನಿ, ಕೆಲಸ ಉಳೀತ. ಸೋಮವಾರ ಬಾ.”

“ದೇವರು ನಿಮ್ಮನ್ನ ಚಲೋ ಇಟ್ಟಿರ್ಲಿ ಅಕ್ಕಾರ” ಎಂದು ನನ್ನ ಎರಡೂ ಕೈ ಹಿಡಿದಳು. ಕಣ್ಣಲ್ಲಿ ನೀರಿತ್ತು. ಸಂತೋಷ ಸುಳ್ಳಾಗಿರಲಿಲ್ಲ.

ಸೋಮವಾರ ಎರಡು ಗಂಟೆಗೆ ರೆಕಾರ್ಡ್ ರೂಮಿನಲ್ಲಿ ಬುತ್ತಿ ಬಿಚ್ಚಿ ಕುಳಿತೆ. ಎರಡೂವರೆಯಾಯಿತು. ಎದ್ದು ಕಿಟಕಿಯಿಂದ ನೋಡಿದರೆ ಹೊನ್ನವ್ವ ಅಂಗಳದಲ್ಲಿ ಕಾಯಿ ತೊಟ್ಟು ಬಿಡಿಸುವ ಹೆಂಗಸರ ಜೊತೆ ಕುಳಿತು ಉಣ್ಣುತ್ತಿದ್ದಳು. ಮೂರು ಗಂಟೆಗೆ ಚಹಾ ತಂದಳು.

“ಊಟಕ್ಕ ಬರಲಿಲ್ಲಲ್ಲ?”

“ಅಲ್ಲೇ ಕರದ್ರು, ಕುಂತೇರಿ. ಚಹಾ ಆರತೈತಿ, ತಗೊಳ್ರಿ.”

“ಹೊನ್ನಿ, ಒಂದ್ಸಲ ಶಕ್ಕೂ ಅನ್ನು.”

ಅವಳು ನಕ್ಕಳು. ಪ್ರಯತ್ನ ಮಾಡಿದಳು ಎಂದೇ ನನಗೆ ಅನ್ನಿಸಿತು, ತುಟಿ ಒಮ್ಮೆ ತೆರೆದಿತ್ತು. ಆಮೇಲೆ ಖಾಲಿ ತಟ್ಟೆಯನ್ನು ಎದೆಗೆ ಒತ್ತಿಕೊಂಡು, “ಬಾಯಾಗ ಬರವಲ್ದುರಿ ಅಕ್ಕಾರ” ಎಂದಳು.

ಇದೆಲ್ಲ ಆಗಿ ಮೂರು ವರ್ಷವಾಯಿತು. ಹೊನ್ನವ್ವನ ಕೆಲಸ ಉಳಿಯಿತು. ಈಗಲೂ ಬರುತ್ತಾಳೆ, ಪಗಾರ ಎರಡು ಸಲ ಏರಿದೆ. ಬಾಗಿಲ ಪುಸ್ತಕದಲ್ಲಿ ಶಶಿಧರ ಗುರುತು ಹಾಕುತ್ತಾನೆ, ಕೆಲಸದವರ ನೋಟಿಸಿನಲ್ಲಿ ‘ನೀವು’ ಎಂದು ತಾನೇ ಬರೆಯುತ್ತಾನೆ. ನನಗೆ ‘ನೀ’ ಎನ್ನುವವರು ಮಾತ್ರ ಊರಲ್ಲಿ ಯಾರೂ ಉಳಿದಿಲ್ಲ.